400 ಪುಟದ ಕೈಪಿಡಿ, ಐದು ಜನ ಅನುವಾದಕರು, ಕೂಡಿಸಿದ್ರೆ ಒಂದಾಗ್ತಿಲ್ಲ. ಏನ್ ಮಾಡ್ಲಿ?

ಕೆರೆಕೋಡಿ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡಿ.

ಒಂದು ಸಂಸ್ಥೆಯವ್ರು ಜಲಾನಯನ ಕೆಲಸದ ತರಬೇತಿ ಕೈಪಿಡಿನ ಇಂಗ್ಲಿಷ್‌ನಿಂದ ಕನ್ನಡಕ್ಕೆ ಮಾಡಿಸಿಕೊಡಿ ಅಂತ ನಂಗೆ ಒಪ್ಪಿಸಿದ್ರು. ವರ್ಡ್ ಫೈಲು, 412 ಪುಟ, ಹೆಚ್ಚೂಕಮ್ಮಿ 96,000 ಪದ, 14 ಅಧ್ಯಾಯ, ಕೊನೇಲಿ 9 ಅನುಬಂಧ. ಆರು ವಾರ ಟೈಮು. ಒಬ್ಬನ ಕೈಲಿ ಆಗಲ್ಲ ಅಂತ ಐದು ಜನಕ್ಕೆ ಹಂಚ್ದೆ, ಒಬ್ಬೊಬ್ರಿಗೆ 82 ಪುಟದ ಲೆಕ್ಕ. ಮೂಲ ಫೈಲನ್ನೇ ಐದು ಸಲ ಕಾಪಿ ಮಾಡಿ, ಅವರವರ ಭಾಗ ಬಿಟ್ಟು ಮಿಕ್ಕಿದ್ದು ಡಿಲೀಟ್ ಮಾಡಿ ಕಳಿಸಿದೆ.

ಈಗ ಐದೂ ವಾಪಸ್ ಬಂದಿದೆ. ಒಂದರ ಕೆಳಗೊಂದು ಪೇಸ್ಟ್ ಮಾಡಿ ಕೂಡಿಸಿದ್ರೆ ಅದು ಒಂದು ಪುಸ್ತಕದ ಥರ ಇಲ್ವೇ ಇಲ್ಲ. ತಲೆಬರಹ ಒಂದು ಕಡೆ ನೀಲಿ ಒಂದು ಕಡೆ ಕಪ್ಪು. "ಚಿತ್ರ 4.2 ನೋಡಿ" ಅಂತ ಇರಬೇಕಾದ ಕಡೆ `Error! Reference source not found.` ಅಂತ ಬರ್ತಿದೆ. ಬಂಡ್ ಅನ್ನೋದಕ್ಕೆ ಒಬ್ರು ಬದು, ಒಬ್ರು ಒಡ್ಡು, ಇನ್ನೊಬ್ರು ಏರಿ ಅಂತ ಹಾಕಿದಾರೆ. ಒಬ್ರು "ಅಳತೆ ಮಾಡಿ" ಅಂತಾರೆ, ಒಬ್ರು "ಅಳತೆ ಮಾಡತಕ್ಕದ್ದು" ಅಂತಾರೆ, ಸರ್ಕಾರಿ ಸುತ್ತೋಲೆ ಥರ. ಮೊದಲ್ನೇ ಭಾಗ ತಗೊಂಡೋರು ಲೇಟಾಗತ್ತೆ ಅಂತ ನಂಗೆ ಹೇಳ್ದೇನೇ ತಮ್ಮ ಚಿಕ್ಕಪ್ಪನ ಮಗನಿಗೆ ಅರ್ಧ ಕೊಟ್ಟಿದಾರೆ, ಅದೂ 3ನೇ ಅಧ್ಯಾಯದ ಮಧ್ಯದಿಂದ! ಓದ್ತಾ ಓದ್ತಾ ಒಂದು ಪ್ಯಾರಾದಿಂದ ಇನ್ನೊಂದಕ್ಕೆ ಬರೋವಾಗ ಭಾಷೆನೇ ಬೇರೆ ಆಗೋಗತ್ತೆ.

ಇನ್ನು ಒಂಬತ್ತು ದಿನ ಇದೆ. ಎಲ್ಲಿಂದ ಶುರು ಮಾಡ್ಲಿ?

ಡಿಟಿಪಿ ರಾಯ

ಇದಕ್ಕೆಲ್ಲಾ ತಲೆ ಕೆಡಿಸ್ಕೋಬೇಡಿ. ಇಪ್ಪತ್ತು ವರ್ಷದಿಂದ ಡಿಟಿಪಿ ಮಾಡ್ತಿದೀನಿ. ಮೂಲ ಫೈಲಿನ ಸ್ಟೈಲ್‌ಗಳಿರೋ ಖಾಲಿ ಫೈಲ್ ಒಂದು ಮಾಡ್ಕೊಳಿ, ಪೇಸ್ಟ್ ಮಾಡೋವಾಗ `Use Destination Styles` ಒತ್ತಿ, ತಲೆಬರಹದ ಬಣ್ಣ ಗಿಣ್ಣ ಎಲ್ಲಾ ಸರಿ ಹೋಗತ್ತೆ. ಪದಗಳಿಗೆ ಫೈಂಡ್ ರಿಪ್ಲೇಸ್ ಇದ್ಯಲ್ಲ. ಒಡ್ಡು ಹುಡುಕಿ ಬದು ಹಾಕಿ, `Replace All`. ಅರ್ಧ ದಿನದ ಕೆಲಸ.

ಮುಂದಿನ ಸಲಕ್ಕೆ ವರ್ಡ್‌ನಲ್ಲೇ ಮಾಸ್ಟರ್ ಡಾಕ್ಯುಮೆಂಟ್ ಅಂತ ಇದೆ, ಐದು ಫೈಲನ್ನ ಒಂದಕ್ಕೆ ಪೋಣಿಸಿ ಇಡತ್ತೆ.

ಗಿಡ್ಡಬಾಳೆ

ಪಿಡಿಎಫ್ ಸ್ಪ್ಲಿಟ್ ಮರ್ಜ್ ಮಾಡೋಕೆ ಆನ್‌ಲೈನಲ್ಲಿ ಫ್ರೀ ಸೈಟ್ ತುಂಬಾ ಇದೆ ಸರ್, ಡ್ರ್ಯಾಗ್ ಮಾಡಿದ್ರೆ ಎರಡು ನಿಮಿಷ. 400 ಪುಟ ಆದ್ರೆ ಕಂಪ್ರೆಸ್ ಮಾಡ್ಕೊಳಿ ಮೊದ್ಲು.

ಕೆರೆಕೋಡಿ

ಗಿಡ್ಡಬಾಳೆ, ಫೈಲ್ ಅಂಟಿಸೋದಲ್ಲ ಸಮಸ್ಯೆ, ಒಳಗಿನ ಕನ್ನಡ ಒಂದಾಗಬೇಕು. ಆದ್ರೂ ಥ್ಯಾಂಕ್ಸ್.

ರಾಯ್ರೇ, ಒಡ್ಡು ಬದು ಮಾಡಿ ನೋಡಿದೆ. 61 ಕಡೆ ಬದಲಾಯ್ತು ಅಂತ ತೋರಿಸ್ತು. ಆಮೇಲೆ ಓದಿದ್ರೆ "ಒಡ್ಡಿನ ಎತ್ತರ", "ಒಡ್ಡಿಗೆ ಕಲ್ಲು ಹೊದಿಕೆ" ಎಲ್ಲಾ ಹಾಗೇ ಕೂತಿದೆ.

ಪದಮೂಲೆ

ಹಾಗೇ ಕೂತಿರತ್ತೆ. "ಒಡ್ಡಿನ" ಅನ್ನೋದ್ರಲ್ಲಿ "ಒಡ್ಡು" ಇಲ್ವೇ ಇಲ್ಲ ನೋಡಿ, ಉಕಾರ ಬಿದ್ದು ಇಕಾರ ಬಂದಿದೆ. ಇಂಗ್ಲಿಷ್‌ನಲ್ಲಿ ಬಂಡ್ ಹುಡುಕಿದ್ರೆ ಎಲ್ಲಾ ಸಿಗತ್ತೆ, ನಮ್ಮಲ್ಲಿ ವಿಭಕ್ತಿ ಹತ್ತಿದ ಕೂಡ್ಲೇ ಪದದ ಬಾಲ ಬದಲಾಗತ್ತೆ. ಸರಿ, ಬುದ್ಧಿ ಉಪಯೋಗಿಸಿ "ಒಡ್ಡಿ" ಹುಡುಕಿ "ಬದುವಿ" ಹಾಕೋಣ ಅಂತ ಹೊರಟ್ರೆ ಒಡ್ಡಿನ ಹೋಗಿ ಬದುವಿನ ಆಗತ್ತೆ, ಚೆನ್ನಾಗೇ ಇದೆ. ಆದ್ರೆ ಅದೇ ಫೈಲಲ್ಲಿ "ಬಿಸಿಲಿಗೆ ಒಡ್ಡಿದ ಮಣ್ಣು" ಅಂತ ಎಲ್ಲೋ ಇದ್ರೆ ಅದು "ಬಿಸಿಲಿಗೆ ಬದುವಿದ ಮಣ್ಣು" ಆಗಿ ಕೂತ್ಕೊಳತ್ತೆ. ಮಣ್ಣಿನ ಸವಕಳಿ ಬಗ್ಗೆ ಅಧ್ಯಾಯ ಇರೋ ಪುಸ್ತಕದಲ್ಲಿ "ಒಡ್ಡಿದ" ಇಲ್ದೇ ಇರಲ್ಲ. ಹಾಗಾಗಿ `Replace All` ಒತ್ತಬೇಡಿ. ಈಗಾಗ್ಲೇ ಒತ್ತಿರೋ ಆ ಕೂಡಿಸಿದ ಫೈಲನ್ನ ಪಕ್ಕಕ್ಕಿಟ್ಟುಬಿಡಿ, ಅದರ ಮೇಲೆ ಇನ್ನೇನೂ ಕೆಲಸ ಮಾಡ್ಬೇಡಿ. ವಾಪಸ್ ಬಂದ ಐದು ಫೈಲು ಕೈ ಹಚ್ಚದೆ ಹಾಗೇ ಇದ್ಯಾ? ಮೂಲ ಇಂಗ್ಲಿಷ್ ಫೈಲು?

ರಾಯರು ಹೇಳಿದ ಸ್ಟೈಲ್ ವಿಷಯ ಸರಿನೇ, ಐದೂ ಫೈಲಲ್ಲಿ ಸ್ಟೈಲ್ ಹೆಸರು ಕೆಡದೆ ಉಳಿದಿದ್ರೆ. ಆದ್ರೆ ಯಾರೋ ಒಬ್ರು ತಲೆಬರಹಕ್ಕೆ ಸ್ಟೈಲ್ ಬಿಟ್ಟು ಕೈಯಿಂದ ಬೋಲ್ಡ್ ಮಾಡಿ ಸೈಜ್ ಹೆಚ್ಚಿಸಿರ್ತಾರೆ, ಅಲ್ಲಿಗೆ ಮುಗೀತು. ಮಾಸ್ಟರ್ ಡಾಕ್ಯುಮೆಂಟ್ ಮಾತ್ರ ನಾನು ಶತ್ರುಗೂ ಹೇಳಲ್ಲ. ಒಂದು ಉಪಫೈಲ್ ಬೇರೆ ಫೋಲ್ಡರ್‌ಗೆ ಹೋಯ್ತು ಅಂದ್ರೆ ಲಿಂಕ್ ಕಳಚತ್ತೆ, ದೊಡ್ಡ ಫೈಲಾದ್ರೆ ಪೂರ್ತಿ ಹಾಳಾಗೋದೂ ಉಂಟು. ಅದಕ್ಕಿಂತ ಹೆಚ್ಚಾಗಿ, ಅದು ಫೈಲನ್ನ ಜೋಡ್ಸತ್ತೆ ಅಷ್ಟೇ, ಪದ ಒಂದು ಮಾಡೋಕೆ ಅದಕ್ಕೇನೂ ಗೊತ್ತಿಲ್ಲ.

ಡಿಟಿಪಿ ರಾಯ

ಮಾಸ್ಟರ್ ಡಾಕ್ಯುಮೆಂಟ್ ನಂಗ್ಯಾವತ್ತೂ ಕೈ ಕೊಟ್ಟಿಲ್ಲ ಮೇಡಂ. ಆದ್ರೆ ನಾನು ಮಾಡಿದ್ದು 80 ಪುಟದ ಸ್ಮರಣ ಸಂಚಿಕೆಗಳು, ಅದೂ ನಿಜ. ಒಡ್ಡಿದ ಬದುವಿದ ಓದಿ ನಗು ಬಂತು 😀

ಕೆರೆಕೋಡಿ

ಐದೂ ಫೈಲು ಇಮೇಲಲ್ಲಿ ಹಾಗೇ ಇದೆ ಮೇಡಂ. ಮೂಲನೂ ಇದೆ.

ಇನ್ನೊಂದು ಹೇಳೋದು ಮರ್ತಿದ್ದೆ. ಸಂಸ್ಥೆಯವ್ರಿಗೆ ಸ್ಯಾಂಪಲ್ ಅಂತ ಕೂಡಿಸಿದ ಫೈಲ್ ಕಳಿಸಿದ್ದೆ, ಅವ್ರ ಕ್ಷೇತ್ರ ಸಿಬ್ಬಂದಿ ಒಬ್ರು ಫೋನ್ ಮಾಡಿ "ಒಂದೇ ಕೆರೆಗೆ 4ನೇ ಅಧ್ಯಾಯದಲ್ಲಿ ಅಚ್ಚುಕಟ್ಟು 120 ಹೆಕ್ಟೇರ್ ಅಂತಿದೆ, 9ರಲ್ಲಿ 45 ಅಂತಿದೆ, ಯಾವ್ದು ನಂಬೋದು?" ಅಂದ್ರು. ಮೂಲ ತೆಗೆದು ನೋಡಿದ್ರೆ 120 ಇರೋದು ಕ್ಯಾಚ್‌ಮೆಂಟ್, 45 ಇರೋದು ಕಮಾಂಡ್ ಏರಿಯಾ. ಒಬ್ರು ಕ್ಯಾಚ್‌ಮೆಂಟ್‌ಗೆ ಅಚ್ಚುಕಟ್ಟು ಅಂತ ಹಾಕಿದಾರೆ, ಇನ್ನೊಬ್ರು ಕಮಾಂಡ್‌ಗೆ. ಮೈ ಬೆವ್ತು ಹೋಯ್ತು.

ಹೊಲದಾಚೆ

ಅಯ್ಯೋ ಅಚ್ಚುಕಟ್ಟು ಅಂದ್ರ ಕೆರಿ ನೀರು ಹಾಯ್ಸೋ ಹೊಲರೀ, ಕೆರಿ ಕೆಳಗಿನ ಭೂಮಿ. ಕೆರಿಗೆ ನೀರು ಹರಿದು ಬರೋ ಮ್ಯಾಲಿನ ಭೂಮಿ ಬ್ಯಾರೆ. ಪೂರಾ ಉಲ್ಟಾ ಆತಲ್ಲ. ಮತ್ತ ಒಡ್ಡು ಅನ್ನೋದನ್ನ ಯಾಕ ತೆಗೀತೀರಿ? ನಮ್ಮ ಕಡೆ ಎಲ್ಲಾರೂ ಒಡ್ಡು ಅಂತಾರ, ಬದು ಅಂದ್ರ ಹೊಲದ ಗಡಿ ಅಂತ ತಿಳ್ಕೊಂತಾರ.

ಪದಮೂಲೆ

ಒಡ್ಡು ಬದು ಜಗಳಕ್ಕೆ ಆಮೇಲೆ ಬರ್ತೀನಿ. ಮೊದ್ಲು ಈ ಅಚ್ಚುಕಟ್ಟು ವಿಷಯ, ಯಾಕಂದ್ರೆ ಇಡೀ ಕೆಲಸದ ದಾರಿ ಇದರ ಮೇಲೆ ನಿಂತಿದೆ.

ಹಂಚಿ ಮಾಡಿದ ಅನುವಾದದಲ್ಲಿ ಪದ ಎರಡು ಥರ ಕೆಡತ್ತೆ. ಒಂದು, ಇಂಗ್ಲಿಷ್‌ನ ಒಂದು ಪದಕ್ಕೆ ಕನ್ನಡದಲ್ಲಿ ಮೂರು, ನಿಮ್ಮ ಬದು ಒಡ್ಡು ಏರಿ ಥರ. ಇದು ಓದೋವಾಗ ಕಣ್ಣಿಗೆ ಹೊಡೆಯತ್ತೆ, ಅಸಹ್ಯ ಅನ್ಸತ್ತೆ, ಆದ್ರೆ ಅರ್ಥ ಕೆಡಲ್ಲ. ಇನ್ನೊಂದು, ಇಂಗ್ಲಿಷ್‌ನ ಎರಡು ಬೇರೆ ಬೇರೆ ಪದ ಬಂದು ಕನ್ನಡದ ಒಂದೇ ಪದಕ್ಕೆ ಬೀಳೋದು. ಇದು ಕಣ್ಣಿಗೆ ಕಾಣೋದೇ ಇಲ್ಲ, ಪುಸ್ತಕ ಪೂರ್ತಿ ಒಂದೇ ಪದ ಬಳಸಿದಾರೆ, ಆಹಾ ಎಷ್ಟು ಚೆನ್ನಾಗಿದೆ ಅನ್ಸತ್ತೆ. ಕನ್ನಡ ಫೈಲಲ್ಲಿ ಎಷ್ಟು ಸಲ ಹುಡುಕಿದ್ರೂ ಯಾವ ಅಚ್ಚುಕಟ್ಟು ಕ್ಯಾಚ್‌ಮೆಂಟು, ಯಾವುದು ಕಮಾಂಡು ಅಂತ ಗೊತ್ತಾಗಲ್ಲ. ಇಂಗ್ಲಿಷ್ ಪಕ್ಕದಲ್ಲಿ ಇದ್ರೆ ಮಾತ್ರ ಗೊತ್ತಾಗತ್ತೆ. ಅದಕ್ಕೇ ಕನ್ನಡ ಕನ್ನಡ ಕೂಡಿಸಿದ ಫೈಲನ್ನ ರಿಪೇರಿ ಮಾಡೋದು ಬೇಡ ಅಂದಿದ್ದು. ಇಂಗ್ಲಿಷ್ ಪ್ಯಾರಾ, ಅದರ ಎದುರಿಗೆ ಕನ್ನಡ ಪ್ಯಾರಾ, ಹೀಗೆ ಜೋಡಿ ಮಾಡಿ ಇಟ್ಕೊಳೋದು ಮೊದಲ ಕೆಲಸ.

ಇದಕ್ಕೆ ಒಮೆಗಾಟಿ ಅಂತ ಫ್ರೀ ಸಾಫ್ಟ್‌ವೇರ್ ಇದೆ. ಇಳಿಸ್ಕೊಳಿ. ಅದರ `Tools` ಮೆನುವಲ್ಲಿ `Align Files` ಅಂತ ಇರತ್ತೆ. ಒಂದು ಕಡೆ ಇಂಗ್ಲಿಷ್ ಅಧ್ಯಾಯ, ಇನ್ನೊಂದು ಕಡೆ ಕನ್ನಡ ಅಧ್ಯಾಯ ಕೊಟ್ರೆ ಎದುರುಬದುರು ಸಾಲು ಮಾಡಿ ತೋರಿಸತ್ತೆ. 82 ಪುಟ ಒಟ್ಟಿಗೆ ಕೊಡಬೇಡಿ, ಒಂದೊಂದೇ ಅಧ್ಯಾಯ ಕೊಡಿ. ಒಂದು ಕಡೆ ಸಾಲು ತಪ್ಪಿದ್ರೆ ಅಲ್ಲಿಂದ ಕೆಳಗೆಲ್ಲಾ ತಪ್ಪತ್ತೆ, ಚಿಕ್ಕದಾಗಿದ್ರೆ ಹಿಡಿಯೋದು ಸುಲಭ. ಮುಖ್ಯವಾಗಿ ವಾಕ್ಯದ ಲೆಕ್ಕದಲ್ಲಿ ಒಡೀಬೇಡಿ, ಪ್ಯಾರಾ ಲೆಕ್ಕದಲ್ಲಿ ಇಡಿ. ಕನ್ನಡಕ್ಕೆ ತರೋವಾಗ ಒಳ್ಳೇ ಅನುವಾದಕರು ಎರಡು ವಾಕ್ಯ ಸೇರಿಸ್ತಾರೆ, ಉದ್ದದ್ದನ್ನ ಮೂರು ಮಾಡ್ತಾರೆ, ಮಾಡ್ಲೇಬೇಕು. ಪ್ಯಾರಾ ಮಾತ್ರ ಸಾಮಾನ್ಯವಾಗಿ ಯಾರೂ ಮುಟ್ಟಲ್ಲ.

ಸಾಲು ಸರಿ ಮಾಡಿ ಸೇವ್ ಮಾಡಿದ್ರೆ ಈ ಜೋಡಿಗಳೆಲ್ಲಾ ಇರೋ ಟಿಎಂಎಕ್ಸ್ ಫೈಲ್ ಬರತ್ತೆ. ಹೊಸ ಪ್ರಾಜೆಕ್ಟ್ ಮಾಡಿ, ಅದರಲ್ಲೂ `Sentence-level Segmenting` ತೆಗೀಬೇಕು, ಇಲ್ದಿದ್ರೆ ಎರಡರ ಅಳತೆ ಬೇರೆ ಆಗಿ ಒಂದೂ ಹೊಂದಲ್ಲ. ಮೂಲ 412 ಪುಟದ ಫೈಲನ್ನ, ಒಡೀದೇ ಇರೋದನ್ನ, `source` ಫೋಲ್ಡರಿಗೆ ಹಾಕಿ. ಟಿಎಂಎಕ್ಸ್‌ಗಳನ್ನ `tm/auto` ಒಳಗೆ ಹಾಕಿ. ಪ್ರಾಜೆಕ್ಟ್ ತೆರೆದ್ರೆ ಹೊಂದೋ ಪ್ಯಾರಾಗಳಿಗೆ ಕನ್ನಡ ತಾನಾಗೇ ತುಂಬ್ಕೊಳತ್ತೆ. `Ctrl+D` ಒತ್ತಿದ್ರೆ ಮೂಲ ಫೈಲಿನ ಸ್ಟೈಲು, ಚಿತ್ರ, ಕ್ರಾಸ್ ರೆಫರೆನ್ಸು ಎಲ್ಲಾ ಇರೋ ಹಾಗೇ ಕನ್ನಡ ಫೈಲ್ ಬರತ್ತೆ. ಅಂದ್ರೆ ಕೂಡಿಸೋ ಕೆಲಸವೇ ಇಲ್ಲ, ಫೈಲು ಯಾವತ್ತೂ ಒಡೆದೇ ಇಲ್ಲ ಅನ್ನೋ ಥರ.

ಕೆರೆಕೋಡಿ

ಅಂದ್ರೆ ಆ `Error! Reference` ಕೂಡ ಹೋಗತ್ತಾ?

ಪದಮೂಲೆ

ಹೋಗಬೇಕು. ಅದು ಯಾಕೆ ಬಂತು ಅಂದ್ರೆ, "ಚಿತ್ರ 4.2" ಅನ್ನೋದು ಬರೀ ಅಕ್ಷರ ಅಲ್ಲ, ಆ ಚಿತ್ರದ ಶೀರ್ಷಿಕೆಗೆ ವರ್ಡ್ ಒಂದು ಕಾಣದ ಬುಕ್‌ಮಾರ್ಕ್ ಕಟ್ಟಿರತ್ತೆ, ಅದಕ್ಕೆ ಕೊಂಡಿ. ನೀವು ಡಿಲೀಟ್ ಮಾಡಿದ ಭಾಗದಲ್ಲಿ ಆ ಬುಕ್‌ಮಾರ್ಕ್ ಹೋಯ್ತು. ಅನುವಾದಕರು ಪ್ರಿಂಟ್ ಕೊಡೋವಾಗಲೋ `F9` ಒತ್ತಿದಾಗಲೋ ವರ್ಡ್ ಹುಡುಕಿ ಸಿಗದೆ ಎರರ್ ಬರೆದಿಟ್ಟಿದೆ. ಇನ್ನೊಂದು ದಾರಿನೂ ಇದೆ. ಶೀರ್ಷಿಕೆನ ಪೂರ್ತಿ ಸೆಲೆಕ್ಟ್ ಮಾಡಿ ಮೇಲೇ ಟೈಪ್ ಮಾಡಿದ್ರೆ ಬುಕ್‌ಮಾರ್ಕ್ ಅಳಿಸಿಹೋಗತ್ತೆ. ಬಿಡಿ ಭಾಗ ಕಳಿಸಲೇಬೇಕು ಅಂದ್ರೆ, ಕಳಿಸೋ ಮುಂಚೆ `Ctrl+A` ಮಾಡಿ `Ctrl+F11` ಒತ್ತಿದ್ರೆ ಫೀಲ್ಡ್‌ಗಳು ಲಾಕ್ ಆಗತ್ತೆ, ಕೂಡಿಸಿದ ಮೇಲೆ `Ctrl+Shift+F11` ಒತ್ತಿ ಬಿಚ್ಚಬಹುದು.

ಸಂಪಿಗೆಮರ

ನಾನೂ ಒಂದು ಸೇರಿಸ್ಲಾ. ನಮ್ಮ ಮಹಿಳಾ ಸಂಘದಿಂದ ಆರೋಗ್ಯದ ಪುಸ್ತಕ ಒಂದನ್ನ ನಾವು ಏಳು ಜನ ಸೇರಿ ಕನ್ನಡ ಮಾಡಿದ್ವಿ. ಪದಪಟ್ಟಿ ಮಾಡಿದ್ವಿ, ಎಕ್ಸೆಲ್‌ನಲ್ಲಿ 700 ಪದ! ಯಾರೂ ತೆಗೆದು ನೋಡ್ಲಿಲ್ಲ. ನಾನೇ ನೋಡ್ಲಿಲ್ಲ, ನಾನೇ ಮಾಡಿದ್ದು ಅದು. ಕೊನೆಗೆ "ಸೋಂಕು" ಯಾವುದಕ್ಕೆ "ನಂಜು" ಯಾವುದಕ್ಕೆ ಅಂತ ಪ್ರೆಸ್‌ನವ್ರ ಮುಂದೆ ನಿಂತು ಜಗಳ ಆಡಿದ್ವಿ. ಈಗ್ಲೂ ಇಬ್ರು ಮಾತಾಡಲ್ಲ.

ಪದಮೂಲೆ

ಸಂಪಿಗೆಮರ ಅವ್ರೇ, ನಿಮ್ಮ ಕಥೆ ನನ್ನದೂ ಹೌದು 🙂 700 ಪದದ ಪಟ್ಟಿ ಯಾರೂ ನೋಡಲ್ಲ. ನಾನೀಗ 50-60ಕ್ಕೆ ನಿಲ್ಲಿಸ್ತೀನಿ. ಯಾವುದು ಹಾಕ್ಬೇಕು ಅನ್ನೋದಕ್ಕೆ ಒಂದೇ ಲೆಕ್ಕ, ಇಬ್ರು ಒಳ್ಳೇ ಅನುವಾದಕರು ಬೇರೆ ಬೇರೆ ಬರೆಯೋ ಸಾಧ್ಯತೆ ಇದ್ರೆ ಮಾತ್ರ ಪಟ್ಟಿಗೆ. "ಮಣ್ಣು", "ಮಳೆ" ಪಟ್ಟೀಲಿ ಯಾಕೆ? ಮತ್ತೆ ಗೊಂದಲ ಆಗೋ ಜೋಡಿಗಳನ್ನ ಅಕ್ಕಪಕ್ಕ ಇಡಬೇಕು, ಕ್ಯಾಚ್‌ಮೆಂಟ್ ಕೆಳಗೇ ಕಮಾಂಡ್, ಜೊತೆಗೆ ಒಂದು ಸಾಲು ವಿವರ, "ಕೆರೆಯ ಮೇಲಿನದು", "ಕೆರೆಯ ಕೆಳಗಿನದು". ಒಮೆಗಾಟಿಗೆ ಇದನ್ನ `glossary` ಫೋಲ್ಡರಲ್ಲಿ ಸಾದಾ ಟೆಕ್ಸ್ಟ್ ಫೈಲಾಗಿ ಇಟ್ರೆ ಸಾಕು, ಟ್ಯಾಬ್ ಹಾಕಿ ಬೇರೆ ಮಾಡಿ:

```
catchment area	ಜಲಾನಯನ ಪ್ರದೇಶ	ಕೆರೆಯ ಮೇಲಿನದು
command area	ಅಚ್ಚುಕಟ್ಟು ಪ್ರದೇಶ	ಕೆರೆಯ ಕೆಳಗಿನದು
farm pond	ಕೃಷಿ ಹೊಂಡ
```

ಆ ಇಂಗ್ಲಿಷ್ ಪದ ಇರೋ ಪ್ಯಾರಾಗೆ ಬಂದ ಕೂಡ್ಲೇ ಪಕ್ಕದಲ್ಲಿ ತೋರಿಸತ್ತೆ, ಯಾರೂ ಎಕ್ಸೆಲ್ ತೆಗೀಬೇಕಾಗಿಲ್ಲ. ಕೃಷಿ ಹೊಂಡ ಥರದ್ದಕ್ಕೆ ತಲೆ ಕೆಡಿಸ್ಕೋಬೇಡಿ, ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ರೈತರ ಬಾಯಲ್ಲೇ ಇದೆ.

ಬಿಳಿಜೋಳ

ಕ್ಯಾಚ್‌ಮೆಂಟ್‌ಗೆ ಜಲಾನಯನ ಪ್ರದೇಶ ಅಂದ್ರೆ ವಾಟರ್‌ಶೆಡ್‌ಗೆ ಏನಂತೀರಾ? ಇಲಾಖೆ ಹೆಸರೇ ಜಲಾನಯನ ಅಭಿವೃದ್ಧಿ ಇಲಾಖೆ ಅಂತ ಇತ್ತು, ಅದು ವಾಟರ್‌ಶೆಡ್. ಈಗ ನೀವೇ ಎರಡು ಇಂಗ್ಲಿಷ್ ಪದ ಒಂದೇ ಕನ್ನಡ ಪದಕ್ಕೆ ಹಾಕಿದಂಗಾಯ್ತಲ್ಲ?

ಪದಮೂಲೆ

ಸರಿಯಾಗಿ ಹಿಡಿದ್ರಿ. ನನ್ನ ತಪ್ಪು. ಒಂದೊಂದು ಕಡೆ ಇಂಗ್ಲಿಷ್‌ನಲ್ಲೇ ಎರಡನ್ನೂ ಒಂದೇ ಅರ್ಥಕ್ಕೆ ಬಳಸ್ತಾರೆ, ಆದ್ರೆ ಕೈಪಿಡೀಲಿ ಕೆರೆಗೆ ಲೆಕ್ಕ ಹಾಕೋ ಕಡೆ ಬೇರೆ ಇರಬೇಕು. ಕೆರೆಕೋಡಿ ಅವ್ರೇ, ವಾಟರ್‌ಶೆಡ್‌ಗೆ ಜಲಾನಯನ ಬಿಟ್ಟುಬಿಡಿ, ಕ್ಯಾಚ್‌ಮೆಂಟ್‌ಗೆ "ಕೆರೆಗೆ ನೀರು ಹರಿದು ಬರುವ ಪ್ರದೇಶ" ಅಂತ ಉದ್ದವಾಗೇ ಹಾಕಿ. ಸಂಸ್ಥೆಯವ್ರ ಹತ್ರ ಒಂದ್ಸಲ ಕೇಳ್ಕೊಳಿ.

ಕೆರೆಕೋಡಿ

ಮೂರು ದಿನ ಕೂತೆ, ವರದಿ ಒಪ್ಪಿಸ್ತೀನಿ. 11 ಅಧ್ಯಾಯ ಅಲೈನ್ ಆಯ್ತು. ಮೊದಲ್ನೇದು ಎರಡು ಗಂಟೆ ಹಿಡೀತು, ಆಮೇಲೆ ಕೈ ಕೂತು ಒಂದೊಂದು ನಲವತ್ತು ನಿಮಿಷ.

3ನೇ ಅಧ್ಯಾಯದಲ್ಲಿ ಒಂದು ಗಮ್ಮತ್ತು. ಇಂಗ್ಲಿಷ್‌ನಲ್ಲಿ 214 ಪ್ಯಾರಾ, ಕನ್ನಡದಲ್ಲಿ 197. ಸಾಲು ಎಲ್ಲಿಂದ ತಪ್ತಿದೆ ಅಂತ ನೋಡಿದ್ರೆ ಆ ಚಿಕ್ಕಪ್ಪನ ಮಗ ಶುರು ಮಾಡಿದ ಜಾಗದಿಂದ. ಅವ್ನು ಪಟ್ಟಿಯ ಸಾಲುಗಳನ್ನ ಕೂಡಿಸಿ ಒಂದೇ ಪ್ಯಾರಾ ಮಾಡಿದಾನೆ, ಅದು ಸರಿ. ಆದ್ರೆ ಎರಡು ಪ್ಯಾರಾ ಅನುವಾದವೇ ಆಗಿಲ್ಲ, ಕೋಡಿಯ ಅಗಲ ಲೆಕ್ಕ ಹಾಕೋ ಭಾಗ, ಬಹುಶಃ ಕಷ್ಟ ಅಂತ ಬಿಟ್ಟಿದಾನೆ. ಕೂಡಿಸಿದ ಫೈಲನ್ನ ನಾನು ಎರಡು ಸಲ ಓದಿದ್ದೆ ಸ್ವಾಮಿ, ಬಿಟ್ಟುಹೋಗಿದ್ದು ಗೊತ್ತೇ ಆಗಿರ್ಲಿಲ್ಲ, ಕನ್ನಡ ಅಷ್ಟು ಸರಾಗವಾಗಿ ಮುಂದಕ್ಕೆ ಹೋಗತ್ತೆ.

ಈಗ ಹೊಸ ತಲೆನೋವು. ಇಂಗ್ಲಿಷ್ ಕಡೆಯಿಂದ ಬಂಡ್, ಫಾರ್ಮ್ ಪಾಂಡ್ ಥರದ ಪದ ಹುಡುಕಿ ಒಂದೊಂದೇ ತಿದ್ತಾ ಇದೀನಿ, ಅದು ಚೆನ್ನಾಗಿದೆ. ಆದ್ರೆ ತಿದ್ದಿದ್ದೆಲ್ಲಾ ಸರಿ ಇದ್ಯಾ ಅಂತ ಕನ್ನಡದಲ್ಲಿ "ಹೊಂಡ" ಅಂತ ಹುಡುಕಿದ್ರೆ ನಾಲ್ಕನೇಯವ್ರ ಭಾಗದಲ್ಲಿ ಒಂದೂ ಸಿಗಲ್ಲ. ಕಣ್ಣೆದುರಿಗೇ ಹೊಂಡ ಅಂತ ಇದೆ! ಹುಚ್ಚು ಹಿಡಿಯೋದೊಂದು ಬಾಕಿ.

ಪದಮೂಲೆ

ಹುಚ್ಚು ಹಿಡೀಬೇಕಾಗಿಲ್ಲ, ಸೊನ್ನೆ ಹಿಡಿದಿದೆ. ಆ ಹೊಂಡದ ಅನುಸ್ವಾರನ ಸೆಲೆಕ್ಟ್ ಮಾಡಿ ಇದರ ಜೊತೆ ಹೋಲಿಸಿ: ಹೊಂಡ, ಹೊ೦ಡ. ಎರಡನೇದು ಅನುಸ್ವಾರ ಅಲ್ಲ, ಕನ್ನಡ ಅಂಕಿ ಸೊನ್ನೆ. ನೋಡೋಕೆ ಹೆಚ್ಚುಕಡಿಮೆ ಒಂದೇ, ಕಂಪ್ಯೂಟರಿಗೆ ಆಕಾಶ ಭೂಮಿ ವ್ಯತ್ಯಾಸ. ಅಭ್ಯಾಸ ಆದೋರು ಹಾಗೇ ಟೈಪ್ ಮಾಡ್ತಾರೆ. ಅಷ್ಟೇ ಅಲ್ಲ, ಹಳೇ ಫಾಂಟ್‌ನಿಂದ ಯೂನಿಕೋಡ್‌ಗೆ ಕನ್ವರ್ಟ್ ಮಾಡಿದ ಪಠ್ಯದಲ್ಲಿ "ಹೊ"ನ ಒತ್ವ ಒಂದು ಚಿಹ್ನೆಯಾಗಿ ಇರದೆ ಎತ್ವ ಒಂದು, ದೀರ್ಘ ಉಕಾರ ಒಂದು, ಹೀಗೆ ಎರಡು ತುಂಡಾಗಿ ಇರೋದನ್ನ ನಾನು ನೋಡಿದೀನಿ. ಪರದೆ ಮೇಲೆ ಅದೇ "ಹೊ", ಹುಡುಕಿದ್ರೆ ಸಿಗಲ್ಲ. ಐದು ಜನ ಐದು ಕೀಬೋರ್ಡು, ಇದು ಆಗೋದೇ.

ವರ್ಡ್ ಫೈಲಲ್ಲಿ ಇದನ್ನ ತಿದ್ದೋಕೆ ಹೋಗ್ಬೇಡಿ. ಟಿಎಂಎಕ್ಸ್ ಸಾದಾ ಟೆಕ್ಸ್ಟ್ ಫೈಲು, ಅದರ ಮೇಲೆ ಈ ಪೈಥಾನ್ ಓಡ್ಸಿ. ನೀವು ತಿದ್ದಿದ್ದೆಲ್ಲಾ `omegat/project_save.tmx` ಒಳಗಿದೆ, ಒಮೆಗಾಟಿ ಮುಚ್ಚಿ, ಆ ಫೈಲಿನ ಕಾಪಿ ಇಟ್ಕೊಂಡು ಮಾಡಿ:

```python
import re, sys, unicodedata
p = sys.argv[1]
t = open(p, encoding="utf-8").read()
t = unicodedata.normalize("NFC", t)
t = re.sub(r"(?<=[\u0C85-\u0CD6])\u0CE6", "\u0C82", t)
open(p + ".new", "w", encoding="utf-8").write(t)
```

ತುಂಡಾದ ಸ್ವರಚಿಹ್ನೆ ಒಂದಾಗತ್ತೆ, ಅಕ್ಷರದ ಬೆನ್ನಿಗಿರೋ ಸೊನ್ನೆ ಅನುಸ್ವಾರ ಆಗತ್ತೆ. ೧೦, ೨೦ ಥರ ಅಂಕಿ ಪಕ್ಕದ ಸೊನ್ನೆನ ಮುಟ್ಟಲ್ಲ. `.new` ಫೈಲನ್ನ ಹಳೇ ಹೆಸರಿಗೆ ಬದಲಾಯಿಸಿ ಮತ್ತೆ ತೆರೀರಿ. `tm/auto` ಒಳಗಿನ ಫೈಲುಗಳಿಗೂ ಒಂದ್ಸಲ ಓಡ್ಸಿಬಿಡಿ.

ಬಿಳಿಜೋಳ

ಇದು ಹಿಡಿಯದ್ದು ಇನ್ನೊಂದಿದೆ. "ಡ್ಯಾಮ್" ಕೊನೇಲಿ ಕೆಲವ್ರು ಕಾಣದ ಒಂದು ಕ್ಯಾರೆಕ್ಟರ್ ಹಾಕಿರ್ತಾರೆ, ಒತ್ತಕ್ಷರ ಆಗದಿರ್ಲಿ ಅಂತ. "ವಾಟರ್‌ಶೆಡ್" ಒಳಗೆ ಅದು ಬೇಕು, ಇಲ್ಲಾಂದ್ರೆ ರ್ಶೆ ಆಗಿ ಕೂತ್ಕೊಳತ್ತೆ. ಪದದ ಕೊನೇಲಿ ಮುಂದೆ ಖಾಲಿ ಜಾಗ ಇದ್ರೆ ಬೇಡ. ಎಲ್ಲಾ ತೆಗೆದ್ರೂ ಕಷ್ಟ, ಬಿಟ್ರೂ ಕಷ್ಟ.

ಡಿಟಿಪಿ ರಾಯ

ಈ ಸೊನ್ನೆ ವಿಷಯ ನಂಗೆ ಇವತ್ತೇ ಗೊತ್ತಾಗಿದ್ದು. ಇಪ್ಪತ್ತು ವರ್ಷದಿಂದ ನಾನು ಸೊನ್ನೆನೇ ಹೊಡೀತಿದ್ನಾ ಅಂತ ಹಳೇ ಫೈಲ್ ತೆಗೆದು ನೋಡ್ತಾ ಇದೀನಿ... ಹೌದು.

ಹೊಲದಾಚೆ

ಮೇಡಂ ಒಡ್ಡಿನ ಮಾತು ಆಮೇಲೆ ಅಂದಿದ್ರಿ. ಇನ್ನೂ ಬರ್ಲಿಲ್ಲ 😄

ಪದಮೂಲೆ

ಬಂದೆ. ನಾನು ಮೈಸೂರು ಕಡೆಯವ್ಳು, ನಂಗೆ ಬದು ಸಹಜ. ಈ ಕೈಪಿಡಿ ಎಲ್ಲಿಯ ತರಬೇತಿಗೆ ಹೋಗತ್ತೆ ಅನ್ನೋದ್ರ ಮೇಲೆ ನಿರ್ಧಾರ ಆಗ್ಬೇಕು, ನಮ್ಮ ಕಿವಿಗೆ ಯಾವುದು ಇಂಪು ಅನ್ನೋದ್ರ ಮೇಲಲ್ಲ. ರಾಜ್ಯ ಪೂರ್ತಿಗೆ ಅಂದ್ರೆ ಬದು ಇಟ್ಟು, ಪ್ರತಿ ಅಧ್ಯಾಯದಲ್ಲಿ ಮೊದಲ ಸಲ ಬಂದಾಗ "ಬದು ಅಥವಾ ಒಡ್ಡು" ಅಂತ ಬರೀಬಹುದು. ಏರಿ ಮಾತ್ರ ಬೇಡ, ಅದು ಕೆರೆಯದ್ದು.

ಹೊಲದಾಚೆ

ಅಥವಾ ಗಿಥವಾ ಬ್ಯಾಡ್ರೀ. ಪ್ರತಿ ಅಧ್ಯಾಯಕ್ಕೂ ಎರಡೆರಡು ಹೆಸರು ಹೇಳಿದ್ರ ಓದೋ ಮಂದಿ ಎರಡು ಬ್ಯಾರೆ ಬ್ಯಾರೆ ಅಂತ ತಿಳ್ಕೊಂತಾರ. ಒಂದ ಇಡ್ರಿ, ಮೊದಲ ಪುಟದಾಗ ಒಂದ್ಸಲ ಹೇಳ್ರಿ.

ಪದಮೂಲೆ

ಅದೂ ಒಂದು ಮಾತೇ. ನಂಗೆ ಪೂರ್ತಿ ಒಪ್ಪಿಗೆ ಇಲ್ಲ, ಮಧ್ಯದಿಂದ ಓದೋರೇ ಹೆಚ್ಚು, ಕೈಪಿಡಿನ ಯಾರೂ ಮೊದಲ ಪುಟದಿಂದ ಓದಲ್ಲ.

ಸಂಪಿಗೆಮರ

ಮುಂದಿನ ಸಲ ಹಂಚೋವಾಗ ಹೇಗೆ ಹಂಚ್ಬೇಕು ಅಂತ ಯಾರಾದ್ರೂ ಹೇಳಿ. ನಮ್ಮ ಸಂಘದವ್ರು ಮತ್ತೊಂದು ಪುಸ್ತಕ ಅಂತಿದಾರೆ.

ಪದಮೂಲೆ

ಪುಟದ ಲೆಕ್ಕ ಬೇಡ. ಕೆರೆಕೋಡಿ ಅವ್ರೇ, ನಿಮ್ಮ ಐದು ಭಾಗಕ್ಕೆ ಎಷ್ಟೆಷ್ಟು ಪದ ಇತ್ತು ನೋಡಿ ಹೇಳ್ತೀರಾ?

ಕೆರೆಕೋಡಿ

ಈಗ ನೋಡಿದೆ. 27,000, 22,000, 19,000, 17,000, 11,000. ಅಯ್ಯೋ. ಕೊನೇ ಭಾಗ ಪೂರ್ತಿ ಅನುಬಂಧದ ಕೋಷ್ಟಕಗಳು.

ಪದಮೂಲೆ

ಅಲ್ಲೇ ಇದೆ ನೋಡಿ ಚಿಕ್ಕಪ್ಪನ ಮಗನ ಕಥೆ. ತಾಂತ್ರಿಕ ಪಠ್ಯ ದಿನಕ್ಕೆ 2,000 ಪದ ಮಾಡಿದ್ರೆ ಒಳ್ಳೇ ವೇಗ. 27,000 ಅಂದ್ರೆ ಹದಿನಾಲ್ಕು ದಿನ, 11,000 ಅಂದ್ರೆ ಆರು ದಿನ. ಇಬ್ರಿಗೂ ಅದೇ 82 ಪುಟ, ಅದೇ ಗಡುವು. ಆ ಪಾಪದವ್ರು ಲೇಟಾದ್ರು, ಹೇಳೋಕೆ ಮುಜುಗರ ಆಗಿ ಅರ್ಧ ಬೇರೆಯವ್ರಿಗೆ ದಾಟಿಸಿದ್ರು.

ಪದದ ಲೆಕ್ಕ ಹಾಕಿ, ಆದ್ರೆ ಅಧ್ಯಾಯದ ಮಧ್ಯೆ ಕತ್ತರಿಸಬೇಡಿ, ಸಮ ಬರ್ಲಿಲ್ಲ ಅಂದ್ರೂ ಪರ್ವಾಗಿಲ್ಲ. ಒಂದೇ ಥರದ ನಮೂನೆಗಳು ಅನುಬಂಧದಲ್ಲಿ ಒಂಬತ್ತು ಸಲ ಬಂದ್ರೆ ಅವನ್ನೆಲ್ಲಾ ಒಬ್ರಿಗೇ ಕೊಡಿ. ಮತ್ತೆ ಶುರುವಲ್ಲಿ ಎಲ್ರೂ ತಮ್ಮ ಭಾಗದ ಮೊದಲ ನಾಲ್ಕೈದು ಪುಟ ಮಾಡಿ ಕಳಿಸ್ಲಿ, ಎರಡು ದಿನ ನಿಲ್ಸಿ. ಆ ಇಪ್ಪತ್ತು ಪುಟ ಪಕ್ಕಪಕ್ಕ ಇಟ್ರೆ "ಮಾಡಿ", "ಮಾಡತಕ್ಕದ್ದು" ಜಗಳ, ಬದು ಒಡ್ಡು, ಸೊನ್ನೆ, ಎಲ್ಲಾ ಅಲ್ಲೇ ಹೊರಗೆ ಬರತ್ತೆ. ಪದಪಟ್ಟಿ ಅದರಿಂದ ಮಾಡಿ, ಮೊದಲೇ ಕೂತು ಊಹೆ ಮಾಡಿ ಅಲ್ಲ. ಸ್ವಲ್ಪ ಕಂಪ್ಯೂಟರ್ ಬರೋರಿದ್ರೆ ಒಮೆಗಾಟಿಯ ಟೀಮ್ ಪ್ರಾಜೆಕ್ಟ್ ಮಾಡಿ, ಗಿಟ್ ರೆಪೋಲಿ ಇಟ್ರೆ ಎಲ್ರ ಅನುವಾದ ಒಂದೇ ಕಡೆ ಸೇರ್ತಾ ಇರತ್ತೆ, ನಿನ್ನೆ ಇನ್ನೊಬ್ರು ಬರೆದ ವಾಕ್ಯ ಇವತ್ತು ನಿಮ್ಗೆ ಕಾಣ್ಸತ್ತೆ. ಆದ್ರೆ ಇದು ಯಾರ ಭಾಗಕ್ಕೂ ಬೀಗ ಹಾಕಲ್ಲ, ಇಬ್ರು ಒಂದೇ ಪ್ಯಾರಾ ಮಾಡಿದ್ರೆ ಯಾವುದು ಇಟ್ಕೊಳ್ಳಿ ಅಂತ ಕೇಳತ್ತೆ ಅಷ್ಟೇ. ಅಧ್ಯಾಯ ಯಾರದ್ದು ಅನ್ನೋದು ವಾಟ್ಸಾಪಲ್ಲೇ ಮಾತಾಡ್ಕೋಬೇಕು.

ಸಂಪಿಗೆಮರ

ಗಿಟ್ ಗಿಟ್ಟಲ್ಲ ನಮ್ಗೆ. ಐದು ಪುಟ ಕಳಿಸಿ ನಿಲ್ಸೋದು ಮಾತ್ರ ಬರ್ಕೊಂಡೆ.

ಕೆರೆಕೋಡಿ

ಕೊನೇ ಅಪ್‌ಡೇಟ್. ನಿನ್ನೆ ರಾತ್ರಿ `Ctrl+D` ಒತ್ತಿದೆ, 412 ಪುಟದ್ದು ಕನ್ನಡದಲ್ಲಿ 447 ಪುಟ ಆಗಿ ಬಂತು. ಸ್ಟೈಲ್ ಎಲ್ಲಾ ಮೂಲದ ಹಾಗೇ ಇದೆ, `Ctrl+A` `F9` ಒತ್ತಿದೆ, ಒಂದೂ ಎರರ್ ಇಲ್ಲ. ಅಕ್ಷರ ಮಾತ್ರ ಮೊದ್ಲು ಚಿಕ್ಕದಾಗಿ ವಿಚಿತ್ರ ಫಾಂಟಲ್ಲಿ ಬಂದಿತ್ತು, ಸ್ಟೈಲ್‌ನ ಫಾಂಟ್ ಡಬ್ಬೀಲಿ `Complex scripts` ಅಂತ ಬೇರೇನೇ ಜಾಗ ಇದೆ, ಅಲ್ಲಿ ಬದಲಾಯಿಸಿದ್ರೆ ಸರಿ ಹೋಯ್ತು.

ಸುಮಾರು 130 ಪ್ಯಾರಾ ತುಂಬ್ಕೊಳ್ಲಿಲ್ಲ, ಮಧ್ಯೆ ಬೋಲ್ಡ್ ಇಟಾಲಿಕ್ ಇರೋವು, ಟ್ಯಾಗ್ ಹೊಂದಿಲ್ಲ ಅಂತ. ಅರೆಹೊಂದಿಕೆ ತೋರಿಸ್ತಿದೆ, ಒಂದೊಂದೇ ಸೇರಿಸಿ ಟ್ಯಾಗ್ ಕೂರಿಸ್ತಾ ಇದೀನಿ. ಬಿಟ್ಟುಹೋದ ಕೋಡಿ ಲೆಕ್ಕದ ಎರಡು ಪ್ಯಾರಾ ನಾನೇ ಮಾಡಿದೆ. ಸಂಸ್ಥೆಯವ್ರಿಗೆ ಬದು ಒಡ್ಡು ಕೇಳಿದ್ದಕ್ಕೆ "ಎರಡೂ ಪ್ರಿಂಟ್ ಮಾಡೋಣ ಸರ್, ಧಾರವಾಡಕ್ಕೊಂದು ತುಮಕೂರಿಗೊಂದು" ಅಂತಿದಾರೆ. ಈಗ ಹೇಳಿ, ಒಂದೇ ಪ್ರಾಜೆಕ್ಟಿಂದ ಎರಡು ಫೈಲ್ ತೆಗೆಯೋದು ಹೇಗೆ?

ಹೊಲದಾಚೆ

ಧಾರವಾಡದ್ದು ಮೊದಲ ತೆಗೀರಿ 😄